ಬಂದು ಹೋಗುವ ಚೆಕ್ ಎಂಜಿನ್ ಲೈಟ್: ಮೇಷ್ಟ್ರ ಕಾರಿನ ದೋಷ ಹಿಡಿದ ಬಗೆ, ಹಂತ ಹಂತವಾಗಿ

"ಇವತ್ತು ಲೈಟ್ ಇಲ್ಲ ಮಾರಾಯ. ನಿನ್ನೆವರೆಗೂ ಇತ್ತು. ಡಾಕ್ಟರ ಹತ್ತಿರ ಬಂದ ಕೂಡಲೇ ಜ್ವರ ಬಿಟ್ಟ ಹಾಗಾಯ್ತು."

ಜೂನ್ ಕೊನೆಯ ಶನಿವಾರ ಮೇಷ್ಟ್ರು ನನ್ನ ಗ್ಯಾರೇಜಿಗೆ ಬಂದು ಹೇಳಿದ ಮೊದಲ ಮಾತು ಇದು. ಅವರ ಮನೆ ಸೋಮೇಶ್ವರದಲ್ಲಿ, ಶಾಲೆ ಆಗುಂಬೆಯಲ್ಲಿ. ದಿನಾ ಬೆಳಿಗ್ಗೆ ಹದಿನಾಲ್ಕು ತಿರುವಿನ ಘಾಟಿ ಹತ್ತಬೇಕು, ಸಂಜೆ ಇಳಿಯಬೇಕು. ಕಾರು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್, ನಾಲ್ಕು ಸಿಲಿಂಡರ್, 78,000 ಕಿ.ಮೀ. ಓಡಿದೆ.

ಹೀಗೆ ಬಂದು ಹೋಗುವ ಲೈಟು ಗಿರಾಕಿಗೂ ತಲೆನೋವು, ಮೆಕ್ಯಾನಿಕ್‌ಗೂ ತಲೆನೋವು. ಯಾವಾಗಲೂ ಉರಿಯುತ್ತಿದ್ದರೆ ಹುಡುಕುವುದು ಸುಲಭ. ಆದರೆ ಹುಡುಕುವ ಕ್ರಮ ಸರಿ ಇದ್ದರೆ ಇದನ್ನೂ ಹಿಡಿಯಬಹುದು. ಮೇಷ್ಟ್ರಿಗೂ ನನಗೂ ನಡೆದ ಮಾತುಕತೆಯನ್ನೇ ಇಟ್ಟುಕೊಂಡು ಆ ಕ್ರಮ ಹೇಳುತ್ತೇನೆ.

ಮೊದಲು: ಲೈಟ್ ಆರಿದರೆ ದೋಷ ಹೋಯಿತು ಅಂತಲ್ಲ

"ತಾನಾಗೇ ಆರಿದೆ ಅಂದ್ರೆ ತಾನಾಗೇ ಸರಿಯಾಗಿದೆ ಅಂತ ಅಲ್ವಾ?" ಅಂದರು ಮೇಷ್ಟ್ರು.

"ಅಲ್ಲ ಮೇಷ್ಟ್ರೇ. ನಿಮ್ಮ ಹಾಜರಿ ಪುಸ್ತಕದ ಹಾಗೆ. ಹುಡುಗ ಇವತ್ತು ಬಂದಿದ್ದಾನೆ ಅಂತ ಮೊನ್ನೆಯ ಗೈರುಹಾಜರಿ ಅಳಿಸಿ ಹೋಗುತ್ತಾ?"

ಕಾರಿನಲ್ಲಿರುವ ಇಸಿಯು, ಅಂದರೆ ಎಂಜಿನ್ ನಡೆಸುವ ಚಿಕ್ಕ ಕಂಪ್ಯೂಟರ್, ಹೆಚ್ಚಿನ ದೋಷಗಳನ್ನು ಮೊದಲ ಸಲ ಕಂಡಾಗ ಲೈಟ್ ಹಚ್ಚುವುದಿಲ್ಲ. ಒಳಗೆ ಮಾತ್ರ ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ ಪೆಂಡಿಂಗ್ ಕೋಡ್ ಅನ್ನುತ್ತಾರೆ. ಮುಂದಿನ ಓಟದಲ್ಲೂ ಅದೇ ದೋಷ ಕಂಡರೆ ಆಗ ಲೈಟ್ ಹಚ್ಚುತ್ತದೆ, ಕೋಡನ್ನು ಗಟ್ಟಿಯಾಗಿ ಬರೆದಿಡುತ್ತದೆ. ಆಮೇಲೆ ಸಾಮಾನ್ಯವಾಗಿ ಸತತ ಮೂರು ಓಟದಲ್ಲಿ ಆ ದೋಷ ಕಾಣದಿದ್ದರೆ ಲೈಟನ್ನು ಆರಿಸುತ್ತದೆ. ಆರಿಸಿದ ಮೇಲೂ ಕೋಡ್ ಅಳಿಯುವುದಿಲ್ಲ. ಎಂಜಿನ್ ತಣ್ಣಗಿನಿಂದ ಪೂರ್ತಿ ಬಿಸಿಯಾಗುವುದು ಸುಮಾರು 40 ಸಲ ನಡೆದ ಮೇಲೆ ಮಾತ್ರ ಅದು ಹೋಗುತ್ತದೆ.

ಹಾಗಾಗಿ ಲೈಟ್ ಆರಿದ ಮೇಲೂ ಕೆಲವು ವಾರ ಸಾಕ್ಷಿ ಒಳಗೇ ಇರುತ್ತದೆ. ಯಾರೂ ಅದನ್ನು ಅಳಿಸಿರಬಾರದು, ಅಷ್ಟೇ.

"ಯಾರಾದರೂ ಕೋಡ್ ಅಳಿಸಿದ್ದಾರಾ?"

"ಮೊದಲನೇ ಸಲ ಬಂದಾಗ ಒಂದು ಕಡೆ ತೋರಿಸಿದೆ. ಕಂಪ್ಯೂಟರ್ ಸಿಕ್ಕಿಸಿ ಲೈಟ್ ತೆಗೆದು ಮುನ್ನೂರು ರೂಪಾಯಿ ತಗೊಂಡ್ರು. ನಾಲ್ಕೇ ದಿನಕ್ಕೆ ಮತ್ತೆ ಬಂತು. ಎರಡನೇ ಕಡೆ ಆಕ್ಸಿಜನ್ ಸೆನ್ಸರ್ ಹೋಗಿದೆ ಅಂತ ಬದಲಾಯಿಸಿದ್ರು. ಐದು ಸಾವಿರದ ಎಂಟುನೂರು. ವಾರ ಸುಮ್ನಿತ್ತು, ಮತ್ತೆ ಬಂತು."

"ಕೋಡ್ ಯಾವುದು ಅಂತ ಬರೆದು ಕೊಟ್ಟಿದ್ದಾರಾ?"

"ಇಲ್ಲ."

ಇಲ್ಲೇ ಹಣ ಪೋಲಾಗುವುದು. ಕೋಡ್ ಅಳಿಸಿದರೆ ಕೋಡಿನ ಜೊತೆ ಇರುವ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ದೋಷ ದಾಖಲಾದ ಗಳಿಗೆಯಲ್ಲಿ ಎಂಜಿನ್ ಹೇಗಿತ್ತು ಅನ್ನುವ ಲೆಕ್ಕ ಅದು. ಬಂದು ಹೋಗುವ ದೋಷಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇನ್ನೊಂದಿಲ್ಲ. ಬ್ಯಾಟರಿ ವೈರ್ ಬಿಚ್ಚಿ ಹಾಕಿದರೂ ಬಹಳಷ್ಟು ಕಾರುಗಳಲ್ಲಿ ಅದು ಅಳಿಸಿಹೋಗುತ್ತದೆ. ಲೈಟ್ ಕಂಡ ಕೂಡಲೇ ಬ್ಯಾಟರಿ ಬಿಚ್ಚುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ.

ಹಂತ 1: ಲೈಟ್ ಬಂದಾಗ ಏನೇನಾಗಿತ್ತು, ಬರೆದುಕೊಳ್ಳಿ

ಸ್ಕ್ಯಾನರ್ ಸಿಕ್ಕಿಸುವ ಮೊದಲು ನಾನು ಹತ್ತು ನಿಮಿಷ ಬರೀ ಕೇಳುತ್ತೇನೆ.

"ಲೈಟ್ ಸುಮ್ನೆ ಉರೀತಿತ್ತಾ, ಮಿಣುಕ್ತಿತ್ತಾ?"

"ಮೊದಲು ಸ್ವಲ್ಪ ಹೊತ್ತು ಮಿಣುಕಿತು. ಆಮೇಲೆ ನಿಂತು ಉರೀತು."

ಇದು ಬಹಳ ಮುಖ್ಯ. ಸುಮ್ಮನೆ ಉರಿದರೆ ನಿಧಾನವಾಗಿ ಓಡಿಸಿಕೊಂಡು ಬಂದು ತೋರಿಸಬಹುದು. ಮಿಣುಕಿದರೆ ಎಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ ಎಂದರ್ಥ. ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಸೈಲೆನ್ಸರ್ ಕಡೆ ಹೋಗಿ, ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗೆ ಉರಿಯುತ್ತದೆ. ಅದು ಹಾಗೇ ಮುಂದುವರಿದರೆ ಕನ್ವರ್ಟರ್ ಒಳಗಿನ ಜೇನುಗೂಡಿನಂಥ ಭಾಗ ಕರಗಿಹೋಗಬಹುದು. ಆ ಒಂದು ಭಾಗದ ಬೆಲೆ ಬಾಕಿ ಎಲ್ಲ ರಿಪೇರಿಗಿಂತ ಜಾಸ್ತಿ. ಮಿಣುಕಿದ ಕೂಡಲೇ ಆಕ್ಸಿಲರೇಟರ್ ಬಿಡಿ. ಮಿಣುಕುವುದು ನಿಲ್ಲದಿದ್ದರೆ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ.

"ಯಾವ ಹೊತ್ತಿಗೆ ಬಂತು?"

"ಮೂರು ಸಲವೂ ಬೆಳಿಗ್ಗೆ. ಘಾಟಿ ಹತ್ತಲು ಶುರು ಮಾಡಿ ಎರಡನೇ ತಿರುವಿನ ಹತ್ತಿರ. ಕಾರು ಎಳೆಯೋದೇ ಇಲ್ಲ, ಗುಬ್ ಗುಬ್ ಅಂತ ಜಗ್ಗುತ್ತೆ. ಮೇಲೆ ಹತ್ತೋ ಹೊತ್ತಿಗೆ ಸರಿಯಾಗುತ್ತೆ."

"ಸಂಜೆ ಇಳಿಯುವಾಗ?"

"ಒಂದು ದಿನವೂ ಇಲ್ಲ."

"ಹಿಂದಿನ ರಾತ್ರಿ ಮಳೆ ಇತ್ತಾ?"

ಮೇಷ್ಟ್ರು ಸ್ವಲ್ಪ ಯೋಚಿಸಿದರು. "ಇತ್ತು. ಮೂರು ಸಲವೂ ಇತ್ತು. ಮಳೆ ಬಿಟ್ಟ ದಿನಗಳಲ್ಲಿ ಬಂದಿದ್ದು ನೆನಪಿಲ್ಲ."

"ಮಳೆಗಾಲಕ್ಕೆ ಮೊದಲು ಕಾರಿಗೆ ಏನಾದರೂ ಕೆಲಸ ಮಾಡಿಸಿದ್ರಾ?"

"ಎಂಜಿನ್‌ಗೆ ಏನೂ ಇಲ್ಲ. ಏಪ್ರಿಲ್‌ನಲ್ಲಿ ಕಲ್ಲು ಬಿದ್ದು ಮುಂದಿನ ಗಾಜು ಒಡೆದಿತ್ತು. ಹೊಸದು ಹಾಕಿಸಿದೆ."

ಗಾಜಿನ ಮಾತನ್ನು ಆಗ ನಾನು ಬರೆದುಕೊಂಡೆ, ಅಷ್ಟೇ. ಅದರ ಬೆಲೆ ಆಮೇಲೆ ಗೊತ್ತಾಯಿತು. ನಿಮಗೆ ಸಂಬಂಧವೇ ಇಲ್ಲ ಅನ್ನಿಸಿದ್ದನ್ನೂ ಹೇಳಿ ಅಂತ ನಾನು ಗಿರಾಕಿಗಳನ್ನು ಕೇಳುವುದು ಇದಕ್ಕೇ. ನೀವು ಮನೆಯಲ್ಲೇ ಒಂದು ಚೀಟಿಯಲ್ಲಿ ಐದು ವಿಷಯ ಬರೆದು ತಂದರೆ ಸಾಕು: ಲೈಟ್ ಉರಿಯಿತೋ ಮಿಣುಕಿತೋ, ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಏರೋ ಸಮತಟ್ಟೋ, ಮಳೆಯೋ ಬಿಸಿಲೋ, ಹತ್ತಿರದಲ್ಲಿ ಕಾರಿಗೆ ಏನು ಮಾಡಿಸಿದ್ದೀರಿ.

ಒಂದು ಮಾತು. ಪೆಟ್ರೋಲ್ ಕ್ಯಾಪ್ ಗಟ್ಟಿ ಮಾಡಿದರೆ ಲೈಟ್ ಹೋಗುತ್ತದೆ ಅಂತ ಯೂಟ್ಯೂಬ್‌ನಲ್ಲಿ ನೋಡಿ ಬಹಳ ಜನ ಕೇಳುತ್ತಾರೆ. ಅದು ಹೆಚ್ಚಾಗಿ ಅಮೆರಿಕದ ಕಾರುಗಳ ವಿಷಯ. ಅಲ್ಲಿನ ನಿಯಮದ ಪ್ರಕಾರ ಟ್ಯಾಂಕಿನ ಆವಿ ಸೋರುವುದನ್ನು ಕಾರು ತಾನೇ ಪರೀಕ್ಷಿಸುತ್ತದೆ. ಮೇಷ್ಟ್ರ ಕಾರಿನಂಥ ನಮ್ಮ ಸಣ್ಣ ಕಾರುಗಳಲ್ಲಿ ಆ ಪರೀಕ್ಷೆ ಸಾಮಾನ್ಯವಾಗಿ ಇರುವುದಿಲ್ಲ. ಕ್ಯಾಪ್ ಹಿಡಿದು ಕೂರಬೇಡಿ.

ಹಂತ 2: ಓದಿ, ಫೋಟೋ ತೆಗೆಯಿರಿ, ಅಳಿಸಬೇಡಿ

2013ರಿಂದ ಈಚೆಗಿನ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, ಹದಿನಾರು ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಗ್ಯಾರೇಜಿನ ದೊಡ್ಡ ಸ್ಕ್ಯಾನರೇ ಬೇಕು ಅಂತಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ಬ್ಲೂಟೂತ್ ಡಾಂಗಲ್ ಸಿಕ್ಕಿಸಿ, ಕೀ ಆನ್ ಮಾಡಿ, ಫೋನಿನ ಆ್ಯಪ್‌ನಲ್ಲೂ ಓದಬಹುದು. ಮೂರು ಕಡೆ ನೋಡಬೇಕು: ದಾಖಲಾದ ಕೋಡ್, ಪೆಂಡಿಂಗ್ ಕೋಡ್, ಫ್ರೀಜ್ ಫ್ರೇಮ್. ಹೆಚ್ಚಿನವರು ಮೊದಲನೆಯದು ನೋಡಿ ಬಿಟ್ಟುಬಿಡುತ್ತಾರೆ.

ಮೇಷ್ಟ್ರ ಕಾರಿನಲ್ಲಿ ಲೈಟ್ ಆರಿದ್ದರೂ ಇದು ಇತ್ತು:

```
DTC   P0302
ECT   46 C
RPM   1720
SPEED 28 km/h
LOAD  81 %
STFT  +14.8 %
LTFT  +3.1 %
```

"ಇದು ನಿಮ್ಮ ಎರಡನೇ ತಿರುವು ಮೇಷ್ಟ್ರೇ" ಅಂದೆ.

"ಅದು ಹೇಗೆ ಗೊತ್ತಾಯ್ತು?"

ಒಂದೊಂದೇ ತೋರಿಸಿದೆ. P0302 ಅಂದರೆ ಎರಡನೇ ಸಿಲಿಂಡರ್ ಮಿಸ್ಸಿಂಗ್. ಇದನ್ನು ಇಸಿಯು ಕಂಡುಹಿಡಿಯುವುದು ಕ್ರ್ಯಾಂಕ್‌ಶಾಫ್ಟ್ ತಿರುಗುವ ವೇಗದಿಂದ. ಒಂದೊಂದು ಸಿಲಿಂಡರ್ ಉರಿದಾಗಲೂ ಶಾಫ್ಟಿಗೆ ಒಂದು ತಳ್ಳು ಸಿಗುತ್ತದೆ. ಎರಡನೇ ಸಿಲಿಂಡರ್ ಸರದಿಯಲ್ಲಿ ಆ ತಳ್ಳು ಸಿಗಲಿಲ್ಲ ಅಂತ ಅದು ಎಣಿಸಿದೆ.

ECT ಅಂದರೆ ಕೂಲಂಟ್ ಬಿಸಿ. 46 ಡಿಗ್ರಿ, ಅಂದರೆ ಎಂಜಿನ್ ಇನ್ನೂ ಪೂರ್ತಿ ಕಾದಿಲ್ಲ. ಮನೆ ಬಿಟ್ಟು ಹೆಚ್ಚು ಹೊತ್ತಾಗಿಲ್ಲ. 1720 ಆರ್‌ಪಿಎಂನಲ್ಲಿ 28 ಕಿ.ಮೀ. ವೇಗ ಅಂದರೆ ಈ ಕಾರಿಗೆ ಎರಡನೇ ಗೇರ್. LOAD 81 ಅಂದರೆ ಎಂಜಿನ್ ಮೇಲೆ ಒಳ್ಳೆ ಭಾರ ಬಿದ್ದಿದೆ. ತಣ್ಣಗಿನ ಎಂಜಿನ್, ಎರಡನೇ ಗೇರ್, ಏರು. ಮೇಷ್ಟ್ರು ಬಾಯಲ್ಲಿ ಹೇಳಿದ್ದನ್ನೇ ಕಾರು ಅಂಕಿಯಲ್ಲಿ ಬರೆದಿಟ್ಟಿತ್ತು.

ಇನ್ನು STFT. ಆಕ್ಸಿಜನ್ ಸೆನ್ಸರ್ ಹೇಳಿದ ಹಾಗೆ ಇಸಿಯು ಆ ಗಳಿಗೆಯಲ್ಲಿ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡಿತು ಅನ್ನುವ ಲೆಕ್ಕ ಇದು. ಇಲ್ಲಿ ಸುಮಾರು ಶೇಕಡ 15ರಷ್ಟು ಜಾಸ್ತಿ ಸುರಿದಿದೆ. LTFT ಅದೇ ಲೆಕ್ಕದ ದೀರ್ಘ ಕಾಲದ ಸರಾಸರಿ ಇದ್ದ ಹಾಗೆ. ಅದು ಬರೀ 3. ಅಂದರೆ ಬೇರೆ ಹೊತ್ತಿನಲ್ಲೆಲ್ಲ ಪೆಟ್ರೋಲ್ ಲೆಕ್ಕ ಸರಿಯಾಗೇ ಇದೆ. ಎಲ್ಲಾದರೂ ಗಾಳಿ ಸೋರುತ್ತಿದ್ದರೆ, ಪೆಟ್ರೋಲ್ ಪಂಪ್ ಸೋತಿದ್ದರೆ, ಈ ಎರಡನೇ ಅಂಕಿಯೂ ಮೇಲೆ ಹೋಗಿರುತ್ತಿತ್ತು.

"ಹಾಗಾದ್ರೆ ಆ ಸೆನ್ಸರ್ ಹಾಕಿದ್ದು?"

"ಅವರಿಗೆ ಯಾವ ಕೋಡ್ ಸಿಕ್ಕಿತ್ತೋ ನನಗೆ ಗೊತ್ತಿಲ್ಲ. ಆದ್ರೆ ಇಲ್ಲಿ ಎಡವೋದು ಸುಲಭ ಮೇಷ್ಟ್ರೇ. ಒಂದು ಸಿಲಿಂಡರ್ ಉರೀಲಿಲ್ಲ ಅಂದ್ರೆ ಅದರೊಳಗಿನ ಗಾಳಿ ಹಾಗೇ ಹೊರಗೆ ಬರುತ್ತೆ. ಆಕ್ಸಿಜನ್ ಸೆನ್ಸರ್ ನೋಡೋದು ಗಾಳಿಯಲ್ಲಿ ಉಳಿದ ಆಮ್ಲಜನಕ ಮಾತ್ರ. ಉರಿಯದೆ ಬಂದ ಪೆಟ್ರೋಲು ಅದಕ್ಕೆ ಕಾಣಲ್ಲ. ಪೆಟ್ರೋಲ್ ಕಮ್ಮಿಯಾಗಿದೆ ಅಂತ ಅದು ಕೂಗುತ್ತೆ. ಕೂಗಿದವನೇ ಕಳ್ಳ ಅಂತ ಹಿಡಿದು ಹಾಕ್ತಾರೆ."

ಕೋಡ್ ಹೇಳುವುದು ದೋಷ ಎಲ್ಲಿ ಕಂಡಿತು ಅಂತ. ಯಾವ ಪಾರ್ಟ್ ಹೋಗಿದೆ ಅಂತ ಅದು ಹೇಳುವುದಿಲ್ಲ. P0302 ಬಂದ ಮಾತ್ರಕ್ಕೆ, ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುವ ಕಾಯಿಲ್ ಹೋಗಿದೆ ಅಂತಲೂ ಅಲ್ಲ. ಪ್ಲಗ್ ಇರಬಹುದು, ಇಂಜೆಕ್ಟರ್ ಇರಬಹುದು, ವಾಲ್ವ್ ಸರಿಯಾಗಿ ಕೂರದೆ ಕಂಪ್ರೆಷನ್ ಕಮ್ಮಿಯಾಗಿರಬಹುದು. ಆದ್ದರಿಂದ ಮುಂದಿನ ಹಂತ.

ಹಂತ 3: ಕಾಯಿಲ್ ಅದಲು ಬದಲು

ಈ ಪರೀಕ್ಷೆಗೆ ಹೊಸ ಪಾರ್ಟ್ ಬೇಡ, ಖರ್ಚಿಲ್ಲ. ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಕೂತಿರುವ ಎಂಜಿನ್‌ಗಳಲ್ಲಿ ಮಾತ್ರ ಆಗುತ್ತದೆ. ಹತ್ತು ನಂಬರ್ ಸ್ಪ್ಯಾನರ್ ಹಿಡಿದು ಅಭ್ಯಾಸ ಇದ್ದವರು ಮನೆಯಲ್ಲೇ ಮಾಡಬಹುದು.

ಎಂಜಿನ್ ಆಫ್ ಮಾಡಿ, ಕೀ ತೆಗೆದು, ಆರಲು ಬಿಡಿ. ಸಿಲಿಂಡರ್ ಎಣಿಸುವುದು ಸಾಮಾನ್ಯವಾಗಿ ಬೆಲ್ಟ್ ಅಥವಾ ಚೈನ್ ಇರುವ ಕಡೆಯಿಂದ. ಅದು ಒಂದನೆಯದು. ಕನೆಕ್ಟರಿನ ಲಾಕ್ ಒತ್ತಿ ಬಿಚ್ಚಿ. ವೈರ್ ಹಿಡಿದು ಎಳೆಯಬೇಡಿ, ಎಂಟು ವರ್ಷದ ಪ್ಲಾಸ್ಟಿಕ್ ಪುಟ್ಟನೆ ಮುರಿಯುತ್ತದೆ. ಬೋಲ್ಟ್ ತೆಗೆದು ಕಾಯಿಲನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ, ಪ್ಲಗ್ಗನ್ನು ಕಚ್ಚಿ ಹಿಡಿದ ಅದರ ರಬ್ಬರ್ ಬೂಟ್ ಬಿಟ್ಟುಕೊಂಡ ಮೇಲೆ ಮೇಲಕ್ಕೆ ಎತ್ತಿ.

ಎರಡನೇ ಕಾಯಿಲ್ ಎತ್ತಿ ಟಾರ್ಚ್ ಹಾಕಿ ಪ್ಲಗ್ ಕೂರುವ ಗುಂಡಿಯೊಳಗೆ ನೋಡಿದೆ. ಪ್ಲಗ್ಗಿನ ಷಟ್ಕೋನದ ಸುತ್ತ ತೆಳುವಾಗಿ ಕೆಂಪು ತುಕ್ಕು. ಗುಂಡಿಯ ಗೋಡೆಯಲ್ಲಿ ನೀರು ನಿಂತು ಆರಿದಾಗ ಆಗುವಂಥ ಬಿಳಿ ಗೆರೆ. ಒಂದು, ಮೂರು, ನಾಲ್ಕನೇ ಗುಂಡಿಗಳು ಒಣಗಿ ಚೊಕ್ಕವಾಗಿದ್ದವು.

"ನೀರು ಹೋಗಿದೆ" ಅಂದರು ಮೇಷ್ಟ್ರು.

"ಹೋಗಿತ್ತು ಅನ್ನಿಸುತ್ತೆ. ಯಾವಾಗ ಹೋಗಿತ್ತೋ ಗೊತ್ತಿಲ್ಲ. ಹೋದ ವರ್ಷ ವಾಟರ್ ಸರ್ವಿಸ್ ಮಾಡಿಸಿದಾಗಿನ ಕಲೆಯೂ ಇರಬಹುದು. ಅನುಮಾನದ ಮೇಲೆ ನಿಮ್ಮ ದುಡ್ಡು ಹಾಕಿಸೋದು ಬೇಡ."

ಗಾಳಿ ಹೊಡೆದು ಗುಂಡಿ ಒಣಗಿಸಿದೆ. ಎರಡನೇ ಕಾಯಿಲನ್ನು ಮೂರಕ್ಕೆ ಹಾಕಿದೆ, ಮೂರನೆಯದನ್ನು ಎರಡಕ್ಕೆ. ಪ್ಲಗ್ ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಕಾಯಿಲೂ ಪ್ಲಗ್ಗೂ ಎರಡೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟಿತ್ತು ಅಂತ ಹೇಳಲು ಆಗುವುದಿಲ್ಲ.

ಈಗ, ಫೋಟೋ ತೆಗೆದ ಮೇಲೆ, ಕೋಡ್ ಅಳಿಸಿದೆ. ಇದು ಲೈಟ್ ಮುಚ್ಚಿಡಲು ಅಳಿಸಿದ್ದಲ್ಲ. ಮುಂದೆ ಬರುವ ಕೋಡ್ ಹೊಸದೇ ಅಂತ ಖಾತ್ರಿಯಾಗಬೇಕಲ್ಲ, ಅದಕ್ಕೆ.

ಹಳೇ ಕಾಲದಲ್ಲಿ ಎಂಜಿನ್ ಓಡುತ್ತಿರುವಾಗಲೇ ಒಂದೊಂದೇ ಪ್ಲಗ್ ವೈರ್ ಎತ್ತಿ ಯಾವುದು ಸತ್ತಿದೆ ಅಂತ ನೋಡುತ್ತಿದ್ದೆವು. ಈ ಕಾರುಗಳಲ್ಲಿ ಹಾಗೆ ಮಾಡಬೇಡಿ. ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗುತ್ತದೆ, ಕೈಗೆ ಶಾಕ್ ಹೊಡೆಯುತ್ತದೆ, ಕಾಯಿಲೂ ಹಾಳಾಗಬಹುದು.

ಹಂತ 4: ದೋಷ ಬರುವ ದಾರಿಯಲ್ಲೇ ಓಡಿಸಿ

"ಇಲ್ಲೇ ಒಂದು ಸುತ್ತು ಹೊಡೆದು ನೋಡೋಣ್ವಾ?" ಅಂದರು.

"ಪ್ರಯೋಜನ ಇಲ್ಲ. ಎಂಜಿನ್ ಕಾದಿದೆ, ರಸ್ತೆ ಸಮ ಇದೆ. ಈ ದೋಷ ಇಲ್ಲಿ ಮುಖ ತೋರಿಸಲ್ಲ."

ಏರಿನಲ್ಲೇ ಯಾಕೆ ಬರುತ್ತದೆ ಅಂದರೆ, ಆಕ್ಸಿಲರೇಟರ್ ಜಾಸ್ತಿ ಒತ್ತಿದಾಗ ಸಿಲಿಂಡರಿಗೆ ಜಾಸ್ತಿ ಗಾಳಿ ತುಂಬಿ ಒತ್ತಡ ಏರುತ್ತದೆ. ಒತ್ತಡ ಜಾಸ್ತಿಯಾದಷ್ಟೂ ಪ್ಲಗ್ಗಿನ ತುದಿಯ ಸಂದು ಹಾರಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಅಷ್ಟು ವೋಲ್ಟೇಜ್ ಏರಿದಾಗ ಬೇರೆ ಎಲ್ಲಾದರೂ ಸುಲಭದ ದಾರಿ ಇದ್ದರೆ, ಒದ್ದೆಯೋ ಬಿರುಕೋ ಇದ್ದರೆ, ಅದು ಅಲ್ಲಿಂದಲೇ ನುಸುಳಿ ಎಂಜಿನ್ನಿನ ಲೋಹಕ್ಕೆ ಇಳಿಯುತ್ತದೆ. ಸಮತಟ್ಟಿನಲ್ಲಿ ಅಷ್ಟು ವೋಲ್ಟೇಜ್ ಬೇಕಾಗುವುದೇ ಇಲ್ಲ. ಎಂಜಿನ್ ಕಾದು ಗುಂಡಿ ಒಣಗಿದ ಮೇಲೆ ನುಸುಳುವ ದಾರಿಯೂ ಮುಚ್ಚುತ್ತದೆ. ಸಂಜೆ ಇಳಿಯುವಾಗ ಒಂದು ದಿನವೂ ಬಾರದ್ದು ಇದಕ್ಕೇ.

ಮೇಷ್ಟ್ರಿಗೆ ನನ್ನ ಡಾಂಗಲ್ ಕೊಟ್ಟು ಕಳಿಸಿದೆ. "ಸೋಮವಾರ ಎಂದಿನ ಹಾಗೇ ಹೋಗಿ. ಲೈಟ್ ಮಿಣುಕಿದರೆ ಆಕ್ಸಿಲರೇಟರ್ ಬಿಡಿ. ಶಾಲೆ ಮುಟ್ಟಿದ ಕೂಡಲೇ, ಲೈಟ್ ಇರಲಿ ಇಲ್ಲದಿರಲಿ, ಪೆಂಡಿಂಗ್ ನೋಡಿ ಫೋಟೋ ಕಳಿಸಿ."

ಶಾಲೆ ಮುಟ್ಟಿದ ಕೂಡಲೇ ಅಂದದ್ದಕ್ಕೆ ಕಾರಣ ಇದೆ. ಪೆಂಡಿಂಗ್ ಕೋಡ್ ಬಹಳ ದಿನ ಇರುವುದಿಲ್ಲ. ಮುಂದಿನ ಓಟದಲ್ಲಿ ದೋಷ ಕಾಣದಿದ್ದರೆ ಅದು ಅಳಿದುಹೋಗಬಹುದು. ಸಂಜೆ ಘಾಟಿ ಇಳಿದು ಮನೆಯಲ್ಲಿ ನೋಡಿದ್ದರೆ ಏನೂ ಸಿಗದೇ ಇರಬಹುದಿತ್ತು.

ಭಾನುವಾರ ರಾತ್ರಿ ಚೆನ್ನಾಗಿ ಮಳೆ ಬಂತು. ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಫೋಟೋ ಬಂತು. ಪೆಂಡಿಂಗ್ ಜಾಗದಲ್ಲಿ P0303. ಹಿಂದೆಯೇ ಫೋನ್.

"ಲೈಟ್ ಬರಲೇ ಇಲ್ಲ, ಸ್ವಲ್ಪ ಜಗ್ಗಿತು ಅಷ್ಟೇ. ಆದ್ರೆ ಈಗ ಎರಡು ಹೋಗಿ ಮೂರು ಅಂತ ತೋರಿಸ್ತಿದೆ. ಇನ್ನೊಂದು ಸಿಲಿಂಡರೂ ಹೋಯ್ತಾ?"

"ಇಲ್ಲ ಮೇಷ್ಟ್ರೇ, ನಮಗೆ ಬೇಕಾಗಿದ್ದೇ ಇದು. ಕಾಯಿಲ್ ಎಲ್ಲಿ ಹೋಯ್ತೋ ದೋಷ ಅದರ ಹಿಂದೆಯೇ ಹೋಗಿದೆ."

ಕೋಡ್ P0302 ಆಗಿಯೇ ಉಳಿದಿದ್ದರೆ ಕಾಯಿಲ್ ಒಳ್ಳೆಯದು ಅಂತ ತಿಳಿದು, ಮುಂದೆ ಪ್ಲಗ್ ಮಾತ್ರ ಅದಲು ಬದಲು ಮಾಡುತ್ತಿದ್ದೆ. ಆಗಲೂ ಎರಡರಲ್ಲೇ ಉಳಿದಿದ್ದರೆ ಕನೆಕ್ಟರ್, ವೈರಿಂಗ್, ಇಂಜೆಕ್ಟರ್, ಕಂಪ್ರೆಷನ್ ಈ ಕಡೆ ಹೋಗಬೇಕು. ಅದು ಗ್ಯಾರೇಜಿನ ಕೆಲಸ. ಒಂದೇ ಸಿಲಿಂಡರ್ ಅಲ್ಲದೆ, ಹಲವು ಸಿಲಿಂಡರ್ ಮಿಸ್ಸಿಂಗ್ ಅನ್ನುವ P0300 ಬಂದರೆ ಈ ಅದಲು ಬದಲು ಆಟ ಬೇಡ. ಪೆಟ್ರೋಲ್ ಅಥವಾ ಗಾಳಿಯ ಕಡೆಯಿಂದ ಶುರು ಮಾಡಬೇಕು.

ಹಂತ 5: ಪ್ಲಗ್ ಬಿಚ್ಚಿ ಬರಿಗಣ್ಣಲ್ಲಿ ನೋಡಿ

ಮಂಗಳವಾರ ಸಂಜೆ ಮೇಷ್ಟ್ರು ಶಾಲೆಯಿಂದ ನೇರ ಬಂದರು. ಕಾಯಿಲ್ ಒಂದು ಹಾಕಿ ಕಳಿಸಬಹುದಿತ್ತು. ಆದರೆ ಪ್ಲಗ್ ನೋಡದೆ ಕಾಯಿಲ್ ಹಾಕಬಾರದು.

ಪ್ಲಗ್ ಬಿಚ್ಚುವ ಮೊದಲು ಗುಂಡಿಗೆ ಇನ್ನೊಮ್ಮೆ ಗಾಳಿ ಹೊಡೆಯಬೇಕು. ಇಲ್ಲದಿದ್ದರೆ ಅಲ್ಲಿರುವ ಮರಳು, ತುಕ್ಕು ಎಲ್ಲ ಸಿಲಿಂಡರಿನೊಳಗೆ ಬೀಳುತ್ತದೆ. ಎರಡನೇ ಪ್ಲಗ್ ಬಿಚ್ಚಿ ಬಟ್ಟೆಯಲ್ಲಿ ಒರೆಸಿ ಮೇಷ್ಟ್ರ ಕೈಗೆ ಕೊಟ್ಟೆ.

"ಆ ಬಿಳಿ ಪಿಂಗಾಣಿ ಭಾಗ ಇದೆಯಲ್ಲ, ಬೆಳಕಿಗೆ ಹಿಡಿದು ನಿಧಾನ ತಿರುಗಿಸಿ."

ಅವರು ಕನ್ನಡಕ ಸರಿಮಾಡಿಕೊಂಡು ತಿರುಗಿಸಿದರು. "ಇಲ್ಲೊಂದು ಪೆನ್ಸಿಲ್ ಗೀಟು ಇದೆ."

"ಒರೆಸಿ ನೋಡಿ."

ಹೆಬ್ಬೆರಳಲ್ಲಿ ಉಜ್ಜಿದರು. ಹೋಗಲಿಲ್ಲ. ಪಿಂಗಾಣಿಯ ಮೇಲ್ತುದಿಯಿಂದ ಕೆಳಗೆ ಲೋಹದವರೆಗೆ, ಕೂದಲಿನಷ್ಟು ಸಣ್ಣ ಕಪ್ಪು ಗೆರೆ, ಸ್ವಲ್ಪ ವಂಕಿ ವಂಕಿಯಾಗಿ. ಕಾಯಿಲಿನ ರಬ್ಬರ್ ಬೂಟನ್ನು ಉದ್ದಕ್ಕೆ ಸೀಳಿ ತೋರಿಸಿದೆ. ಒಳಗೋಡೆಯಲ್ಲೂ ಅಂಥದೇ ಗೆರೆ, ಕನ್ನಡಿಯಲ್ಲಿ ಕಂಡ ಹಾಗೆ.

ಕಿಡಿ ನುಸುಳಿ ಹೋದ ದಾರಿ ಅದು. ಒದ್ದೆಯಾದಾಗ ಮೊದಲ ಸಲ ಕಿಡಿ ಪಿಂಗಾಣಿಯ ಮೇಲಿಂದ ಜಾರಿ ಇಳಿಯುತ್ತದೆ. ಜಾರಿದ ಜಾಗ ಸುಟ್ಟು ಇಂಗಾಲ ಉಳಿಯುತ್ತದೆ. ಇಂಗಾಲದಲ್ಲಿ ಕರೆಂಟ್ ಹರಿಯುತ್ತದೆ. ಹಾಗಾಗಿ ಮುಂದಿನ ಸಲ ಇನ್ನೂ ಸುಲಭ. ಮೊದಮೊದಲು ಜೋರು ಮಳೆಗೆ ಮಾತ್ರ ಬರುವ ಮಿಸ್ಸಿಂಗ್ ಆಮೇಲೆ ಸಣ್ಣ ತೇವಕ್ಕೂ ಬರುತ್ತದೆ, ಕೊನೆಗೆ ಬಿಸಿಲಲ್ಲೂ ಬರುತ್ತದೆ.

"ಸೋಮವಾರ ಈ ಪ್ಲಗ್ ಎರಡರಲ್ಲೇ ಇತ್ತಲ್ಲ, ಆಗ ಯಾಕೆ ಎರಡು ಅಂತ ತೋರಿಸಲಿಲ್ಲ?" ಮೇಷ್ಟ್ರ ಪ್ರಶ್ನೆ ಸರಿಯಾಗಿತ್ತು.

"ಅದಕ್ಕೆ ಮೂರನೆಯ ಒಳ್ಳೆ ಬೂಟ್ ಬಿಗಿಯಾಗಿ ಕೂತಿತ್ತು. ಸದ್ಯಕ್ಕೆ ತಡೀತು. ಆದ್ರೆ ಈ ಗೆರೆ ಇರೋ ಪ್ಲಗ್ ಹಾಗೇ ಬಿಟ್ರೆ ಹೊಸ ಬೂಟಿನ ಒಳಗೂ ಇಂಥದೇ ಗೆರೆ ಸುಡುತ್ತೆ. ಬೂಟ್ ಹಳೇದು ಬಿಟ್ಟು ಪ್ಲಗ್ ಹೊಸದು ಹಾಕಿದ್ರೂ ಅಷ್ಟೇ."

ಈ ಕೆಲಸದಲ್ಲಿ ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲೇ. ಕಾಯಿಲ್ ಬದಲಾಯಿಸಿ, ಹಳೇ ಪ್ಲಗ್ ಅದೇ ಹಾಕಿ ಕಳಿಸುತ್ತಾರೆ. ಒಂದೆರಡು ತಿಂಗಳಿಗೆ ಲೈಟ್ ಮತ್ತೆ ಬರುತ್ತದೆ. ಕಾಯಿಲ್ ಡೂಪ್ಲಿಕೇಟ್ ಅಂತ ಅಂಗಡಿಯವನ ಜೊತೆ ಜಗಳ. ಗೆರೆ ಕಂಡರೆ ಪ್ಲಗ್ಗೂ ಬೂಟೂ ಎರಡೂ ಬದಲಾಗಬೇಕು. ಕೆಲವು ಕಾಯಿಲ್‌ಗಳಿಗೆ ಬೂಟ್ ಬೇರೆ ಸಿಗುತ್ತದೆ, ಇದಕ್ಕೆ ಸಿಗುತ್ತಿರಲಿಲ್ಲ, ಅದಕ್ಕೇ ಕಾಯಿಲನ್ನೇ ಬದಲಾಯಿಸಿದೆ. ಬಾಕಿ ಮೂರು ಪ್ಲಗ್ಗುಗಳ ಸಂದು ಕೂಡ ಸವೆದು ಅಗಲವಾಗಿತ್ತು, ಹಾಗಾಗಿ ನಾಲ್ಕನ್ನೂ ಬದಲಾಯಿಸಿದೆ. ಸಂದು ಅಗಲವಾದಷ್ಟೂ ವೋಲ್ಟೇಜ್ ಜಾಸ್ತಿ ಬೇಕು, ನುಸುಳುವ ಚಾನ್ಸೂ ಜಾಸ್ತಿ.

ಪ್ಲಗ್ ಕೂರಿಸುವಾಗ ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿ. ಸ್ಪ್ಯಾನರ್‌ನಿಂದ ಶುರು ಮಾಡಿದರೆ ಅಡ್ಡ ಹೋಗಿ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಹಾಳಾಗುತ್ತದೆ. ಬಿಗಿ ಎಷ್ಟು ಅಂತ ಕಾರಿನ ಮ್ಯಾನುಯಲ್ ನೋಡಿ, ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡಿ.

ಹಂತ 6: ನೀರು ಎಲ್ಲಿಂದ ಬಂತು

ಮೇಷ್ಟ್ರು ದುಡ್ಡು ತೆಗೆಯಲು ಕೈ ಹಾಕಿದರು. "ಇನ್ನೂ ಮುಗಿದಿಲ್ಲ, ಕೂತ್ಕೊಳ್ಳಿ" ಅಂದೆ.

ಬಾನೆಟ್ ಎತ್ತಿ, ಅರ್ಧ ಲೀಟರ್ ಬಾಟಲಿಯಲ್ಲಿ ನೀರು ತಂದು, ಮುಂದಿನ ಗಾಜಿನ ಕೆಳ ಅಂಚಿಗೆ ನಿಧಾನವಾಗಿ ಸುರಿದೆ. ವೈಪರ್ ಕೆಳಗೆ ಉದ್ದಕ್ಕೂ ಒಂದು ಕಪ್ಪು ಪ್ಲಾಸ್ಟಿಕ್ ಪಟ್ಟಿ ಇರುತ್ತದಲ್ಲ, ಗಾಜಿನಿಂದ ಇಳಿದ ನೀರು ಅದರ ಮೇಲೆ ಬಂದು ಎರಡೂ ಬದಿಯ ತೂತಿನಿಂದ ಚಕ್ರದ ಕಡೆ ಹೋಗಬೇಕು. ಎಡ ತುದಿಯಲ್ಲಿ ಸುರಿದೆ, ಸರಿಯಾಗಿ ಹೋಯಿತು. ಬಲ ತುದಿ, ಸರಿ. ನಡುವಿನಲ್ಲಿ ಸುರಿದಾಗ ಪಟ್ಟಿಯ ಅಡಿಯಿಂದ ಒಂದು ಹನಿ ಇಳಿಯಿತು. ಇನ್ನೊಂದು. ಮತ್ತೊಂದು. ನೇರ ಎರಡನೇ ಕಾಯಿಲ್ ತಲೆಯ ಮೇಲೆ.

ಪಟ್ಟಿ ಹಿಡಿದು ಅಲ್ಲಾಡಿಸಿದೆ. ಎರಡು ಕ್ಲಿಪ್ ಮುರಿದಿತ್ತು, ಗಾಜಿಗೂ ಪಟ್ಟಿಗೂ ನಡುವೆ ಬೆರಳಿನ ಉಗುರು ಹೋಗುವಷ್ಟು ಸಂದು.

"ಗಾಜು ಹಾಕುವಾಗ ಇದನ್ನ ತೆಗೀಲೇಬೇಕು ಮೇಷ್ಟ್ರೇ. ತೆಗೆಯುವಾಗ ಕ್ಲಿಪ್ ಮುರಿದಿರಬೇಕು. ಏಪ್ರಿಲ್‌ನಲ್ಲಿ ಮಳೆ ಇರಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಜೂನ್‌ನಲ್ಲಿ ಮಳೆ ಹಿಡೀತು, ಲೈಟ್ ಬಂತು."

ಕ್ಲಿಪ್ಪಿನ ಬೆಲೆ ಒಂದಕ್ಕೆ ಮೂವತ್ತು ರೂಪಾಯಿ. ಇದನ್ನು ಹಾಕದೆ ಹೊಸ ಕಾಯಿಲ್ ಮಾತ್ರ ಹಾಕಿದ್ದರೆ ಅದರ ಬೂಟೂ ಆಗಸ್ಟ್ ಹೊತ್ತಿಗೆ ಹೀಗೇ ಸುಟ್ಟಿರುತ್ತಿತ್ತು. ಗಾಜು ಬದಲಾಯಿಸದ ಕಾರಿನಲ್ಲೂ ಈ ಪಟ್ಟಿಯ ಬದಿಯ ತೂತಿಗೆ ಎಲೆ ತುಂಬಿ ನೀರು ಎಂಜಿನ್ ಕಡೆ ಉಕ್ಕುವುದುಂಟು. ಮರದ ಕೆಳಗೆ ನಿಲ್ಲಿಸುವವರು ಮೇ ತಿಂಗಳಲ್ಲಿ ಒಮ್ಮೆ ತೆಗೆದು ಚೊಕ್ಕ ಮಾಡಿ. ಗುಂಡಿಯಲ್ಲಿ ನೀರಿನ ಬದಲು ಎಣ್ಣೆ ಕಂಡರೆ ಅದು ಮೇಲಿನ ಕವರಿನ ಗ್ಯಾಸ್ಕೆಟ್ ಸೋರುವುದು. ಆ ಗ್ಯಾಸ್ಕೆಟ್ ಬದಲಾಯಿಸದೆ ಕಾಯಿಲ್ ಹಾಕಬೇಡಿ. ಎಂಜಿನ್‌ಗೆ ಜೋರು ಪ್ರೆಷರಿನ ನೀರು ಹೊಡೆಸುವುದಂತೂ ಬೇಡವೇ ಬೇಡ.

ಹಂತ 7: ಸರಿಯಾಗಿದೆ ಅಂತ ಖಾತ್ರಿ ಮಾಡಿಕೊಳ್ಳುವುದು

ಕೋಡ್ ಅಳಿಸಿ ಲೈಟ್ ಇಲ್ಲ ಅಂತ ತೋರಿಸುವುದು ಖಾತ್ರಿ ಅಲ್ಲ. ಹೊಸ ಕ್ಲಿಪ್ ಹಾಕಿದ ಮೇಲೆ ಬಾಟಲಿ ನೀರು ಮತ್ತೆ ಸುರಿದು ನೋಡಿದೆ, ಹನಿ ಬೀಳಲಿಲ್ಲ. ಮಿಕ್ಕ ಪರೀಕ್ಷೆ ಮೇಷ್ಟ್ರದ್ದು. ರಾತ್ರಿ ಮಳೆ ಬಂದ ಮೇಲೆ, ತಣ್ಣಗಿನ ಎಂಜಿನ್‌ನಲ್ಲಿ, ಎರಡನೇ ಗೇರಿನಲ್ಲಿ ಅದೇ ತಿರುವು ಹತ್ತಬೇಕು. ಫ್ರೀಜ್ ಫ್ರೇಮ್‌ನಲ್ಲಿದ್ದ ಪರಿಸ್ಥಿತಿ ಮತ್ತೆ ಬರಬೇಕು. ಅಂಥ ಮೂರು ಬೆಳಿಗ್ಗೆ ಪೆಂಡಿಂಗ್ ಖಾಲಿ ಇದ್ದರೆ ಕೆಲಸ ಆಯಿತು ಅನ್ನಬಹುದು. ಬಿಸಿಲಿನ ಹತ್ತು ದಿನ ಲೆಕ್ಕಕ್ಕಿಲ್ಲ.

ಡಾಂಗಲ್ ಅವರ ಹತ್ತಿರವೇ ಬಿಟ್ಟೆ. ಬುಧವಾರ, ಗುರುವಾರ, ಶನಿವಾರ ಮೂರು ಫೋಟೋ ಬಂತು. ಮೂರೂ ಖಾಲಿ. ಶನಿವಾರದ್ದರ ಕೆಳಗೆ ಬರೆದಿದ್ದರು: "ರಾತ್ರಿಯಿಡೀ ಸುರಿದಿದೆ. ನಾಲ್ಕನೇ ತಿರುವಿನಲ್ಲಿ ಮೂರನೇ ಗೇರ್ ಹಾಕಿದೆ."

ಒಟ್ಟು ಬಿಲ್ 3,760 ರೂಪಾಯಿ ಆಯಿತು. ಕಾಯಿಲ್ 2,200, ನಾಲ್ಕು ಪ್ಲಗ್ 800, ಎರಡು ಕ್ಲಿಪ್ 60, ಕೂಲಿ 700. ಬಿಲ್ಲಿನ ಹಿಂದೆ ಇಷ್ಟು ಬರೆದುಕೊಟ್ಟೆ: ತಾರೀಕು, 78,000 ಕಿ.ಮೀ., P0302, ಅದಲು ಬದಲು ಮಾಡಿದಾಗ P0303, ಎರಡನೇ ಗುಂಡಿಗೆ ನೀರು, ಪ್ಲಗ್ ಮತ್ತು ಬೂಟಿನಲ್ಲಿ ಗೆರೆ, ವೈಪರ್ ಪಟ್ಟಿಯ ಕ್ಲಿಪ್. ನಿಮ್ಮ ಮೆಕ್ಯಾನಿಕ್ ತಾನಾಗಿ ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಿ. ಮುಂದಿನ ಸಲ ಲೈಟ್ ಬಂದಾಗ, ಕಾರು ಯಾರ ಹತ್ತಿರ ಹೋದರೂ, ಅವರು ಮೊದಲು ಕೇಳಬೇಕಾದದ್ದು ಆ ಚೀಟಿಯನ್ನೇ.